ಹೊರಳು, ತಾಗಿಸು, ಸಲಾಂ: ಮಗುವಿಗೆ ಫೋರ್‌ಹ್ಯಾಂಡ್ ಡ್ರೈವ್ ಕಲಿಸುವ ಬಗೆ

ಟೇಬಲ್ ಟೆನಿಸ್ ಮೇಜಿನ ಎತ್ತರ ನೆಲದಿಂದ 76 ಸೆಂಟಿಮೀಟರ್. ಎಂಟು ವರ್ಷದ, ಸುಮಾರು 122 ಸೆಂ.ಮೀ. ಎತ್ತರದ ಮಗು ಅದರ ಮುಂದೆ ನಿಂತರೆ ಮೇಜಿನ ಅಂಚು ಹೊಕ್ಕುಳಿಗಿಂತ ತುಸು ಮೇಲೆಯೇ ಬರುತ್ತದೆ. ಎದುರು ನಿಂತು ಚೆಂಡು ಹಾಕಿಕೊಡುವ ಅಪ್ಪನಿಗೆ ಅದೇ ಅಂಚು ಹೊಕ್ಕುಳಿಂದ ಒಂದು ಗೇಣು ಕೆಳಗೆ. ಮೇಜಿಗೆ ಬಿದ್ದು ಒಂದು ಗೇಣು ಪುಟಿದ ಚೆಂಡು ಅಪ್ಪನಿಗೆ ಹೊಟ್ಟೆಯ ಮಟ್ಟದಲ್ಲಿ ಸಿಗುತ್ತದೆ, ಮಗುವಿಗೆ ಭುಜದ ಮಟ್ಟದಲ್ಲಿ ಸಿಗುತ್ತದೆ. ಮಕ್ಕಳಿಗೆ ಫೋರ್‌ಹ್ಯಾಂಡ್ ಕಲಿಸುವಾಗ ಎದುರಾಗುವ ತೊಂದರೆಗಳಲ್ಲಿ ಬಹುಪಾಲು ಈ ಅಂತರದಿಂದ ಹುಟ್ಟುತ್ತವೆ. ಕಲಿಸುವವರು ಮಾತ್ರ ಮಗುವಿನ ಕೈಯನ್ನು ಬೈಯುತ್ತಾರೆ.

ಮೂಡಲಗಿಯಲ್ಲಿರುವ ನಮ್ಮ ಅಣ್ಣನ ಮಗಳ ಆಟದಲ್ಲಿ ಇದನ್ನು ನಾನು ಹತ್ತಿರದಿಂದ ನೋಡಿದೆ. ಶಾಲೆಯ ಮೇಜಿನ ಮೇಲೆ ಆಕೆ ಹೊಡೆದ ಚೆಂಡೆಲ್ಲ ಎದುರಿನ ಅಂಚು ದಾಟಿ ಆಚೆ ಹೋಗುತ್ತಿತ್ತು. ಸುತ್ತ ನಿಂತವರೆಲ್ಲ ಹೇಳಿದ್ದು ಒಂದೇ ಮಾತು: "ಮೆತ್ತಗ ಹೊಡಿ." ಆಕೆ ಮೆತ್ತಗೆ ಹೊಡೆದಳು, ಚೆಂಡು ಮೆತ್ತಗೆ ಹೊರಗೆ ಹೋಯಿತು. "ಕಾಕಾ, ನಾ ಜೋರ್ ಹೊಡಿವಲ್ಲೆ, ಆದ್ರೂ ಹೊರಗ ಹೊಂಟೈತಿ" ಅಂದಳು. ಆಕೆ ಹೇಳಿದ್ದು ಸರಿಯಾಗಿತ್ತು. ತಪ್ಪು ಜೋರಿನದಲ್ಲ, ಬ್ಯಾಟಿನ ಮುಖದ್ದು. ಅದನ್ನು ಎದುರಿನಿಂದ ನೋಡಿದರೆ ತಿಳಿಯುವುದಿಲ್ಲ. ಮೇಜಿನ ಬದಿಗೆ ಹೋಗಿ, ಮಗುವಿನ ಬಲಗೈ ಕಡೆ ನಿಂತು ನೋಡಬೇಕು. ಅಲ್ಲಿಂದ ಕಂಡದ್ದು ಇಷ್ಟು: ಭುಜದ ಎತ್ತರದ ಚೆಂಡನ್ನು ಮುಟ್ಟಲು ಮೊಣಕೈ ಮೇಲೆದ್ದಿದೆ, ಮೊಣಕೈ ಎದ್ದದ್ದಕ್ಕೆ ಮಣಿಕಟ್ಟು ಹಿಂದಕ್ಕೆ ಬಾಗಿದೆ, ಮಣಿಕಟ್ಟು ಬಾಗಿದ್ದಕ್ಕೆ ಬ್ಯಾಟಿನ ಮುಖ ಆಕಾಶ ನೋಡುತ್ತಿದೆ. ಅಂಥ ಬ್ಯಾಟಿಗೆ ತಾಗಿದ ಚೆಂಡು ಎಷ್ಟು ಮೆತ್ತಗೆ ಹೊಡೆದರೂ ಮೇಲಕ್ಕೇ ಹೋಗುತ್ತದೆ.

ಆದ್ದರಿಂದ ಮೊದಲು ಸರಿಪಡಿಸಬೇಕಾದ್ದು ಎತ್ತರವನ್ನು. ಅದಕ್ಕೆ ಎರಡು ದಾರಿ. ಒಂದು, ಮಗು ನಿಲ್ಲುವ ಜಾಗವನ್ನು ಸುಮಾರು 15 ಸೆಂ.ಮೀ. ಎತ್ತರಿಸುವುದು. ಶಾಲೆಯ ವೇದಿಕೆಗೆ ಬಳಸುವ ಅಗಲ ಹಲಗೆ ಇದಕ್ಕೆ ಸಾಕು. ಆದರೆ ಅದು ನಾಲ್ಕು ಅಡಿಗೆ ಕಡಿಮೆ ಅಗಲ ಇರಬಾರದು, ಅಲುಗಾಡಬಾರದು. ಚೆಂಡಿನ ಮೇಲೆ ಕಣ್ಣಿಟ್ಟ ಮಗು ಅಂಚು ನೋಡುವುದಿಲ್ಲ, ಕಾಲು ತಪ್ಪಿದರೆ ಕಣಕಾಲು ಹೊರಳುತ್ತದೆ. ಇನ್ನೊಂದು ದಾರಿ ಮೇಜನ್ನೇ ತಗ್ಗಿಸುವುದು. ಮನೆಗೆ ಇದೇ ಸುರಕ್ಷಿತ, ನಾವು ಮಾಡಿದ್ದೂ ಇದನ್ನೇ. ಗೋಕಾಕಿನಲ್ಲಾಗಲಿ ಹುಕ್ಕೇರಿಯಲ್ಲಾಗಲಿ ಪ್ಲೈವುಡ್ ಅಂಗಡಿಗೆ ಹೋದರೆ ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಹಾಳೆ ಸಿಗುತ್ತದೆ. ನಿಜವಾದ ಮೇಜು ಒಂಬತ್ತು ಅಡಿಗೆ ಐದು ಅಡಿ, ಹಾಗಾಗಿ ಇದು ಮಗುವಿಗೆ ಹೇಳಿ ಮಾಡಿಸಿದ ಅಳತೆ. ಮುಕ್ಕಾಲು ಇಂಚು ದಪ್ಪದ ಹಾಳೆಯನ್ನು ನೆಲದಿಂದ 60 ಸೆಂ.ಮೀ. ಆಸುಪಾಸಿಗೆ ಬರುವಂತೆ ಗಟ್ಟಿ ಆಧಾರದ ಮೇಲೆ ಕೂರಿಸಿದರೆ ನಮ್ಮ ಕಡೆಯ ಮನೆಗಳ ಪಡಸಾಲೆಯಲ್ಲಿ ಹಿಡಿಯುತ್ತದೆ.

ಹಲಗೆ ಆಟಕ್ಕೆ ಬಂದೀತೇ ಎಂದು ನೋಡಲು ನಿಯಮದ ಪುಸ್ತಕದಲ್ಲೇ ಒಂದು ಪರೀಕ್ಷೆ ಇದೆ. ಚೆಂಡನ್ನು 30 ಸೆಂ.ಮೀ. ಎತ್ತರದಿಂದ ಬಿಟ್ಟರೆ ಅದು ಸುಮಾರು 23 ಸೆಂ.ಮೀ. ಪುಟಿಯಬೇಕು. ಒಂದು ಅಡಿಯ ಸ್ಕೇಲನ್ನು ನೆಟ್ಟಗೆ ಹಿಡಿದು ಹಲಗೆಯ ನಾಲ್ಕಾರು ಕಡೆ ಬಿಟ್ಟು ನೋಡಿ. ಎಲ್ಲಾದರೂ ಪುಟಿತ ಸತ್ತಿದ್ದರೆ ಅಲ್ಲಿ ಕೆಳಗೆ ಆಧಾರ ಸಾಲದು ಎಂದರ್ಥ. ನೆಟ್ಟಿನ ಎತ್ತರ 15.25 ಸೆಂ.ಮೀ., ಅಂದರೆ ಕಂಪಾಸ್ ಪೆಟ್ಟಿಗೆಯ ಚಿಕ್ಕ ಸ್ಕೇಲಿನಷ್ಟು. ತಗ್ಗಿನ ಗಿಡ್ಡ ಹಲಗೆಗೆ ಅದನ್ನು ಒಂದೆರಡು ಬೆರಳು ಇಳಿಸಿದರೂ ನಡೆದೀತು. ಆಮೇಲೆ ಫ್ಯಾನು ಬಂದ್ ಮಾಡಬೇಕು. ಚೆಂಡಿನ ತೂಕ 2.7 ಗ್ರಾಂ ಮಾತ್ರ, ತಲೆ ಮೇಲಿನ ಫ್ಯಾನು ಅದರ ದಾರಿ ಕೆಡಿಸುತ್ತದೆ. ಘಟಪ್ರಭೆಯ ಈ ಬಯಲಿನಲ್ಲಿ ಆಷಾಢದ ಗಾಳಿ ಬೀಸುವಾಗ ಅಂಗಳದಲ್ಲಿ ಕಲಿಸಲು ಹೋಗುವುದೂ ಬೇಡ. ತನ್ನ ತಪ್ಪು ಯಾವುದು, ಗಾಳಿಯ ತಪ್ಪು ಯಾವುದು ಎಂದು ಮಗುವಿಗೆ ಗೊತ್ತಾಗದೆ ಹೋಗುತ್ತದೆ.

ಇನ್ನು ಬ್ಯಾಟು. ಪೇಟೆಯಲ್ಲಿ ಅಗ್ಗಕ್ಕೆ ಸಿಗುವ, ಗುಬ್ಬಿಗಳು ಹೊರಗೆ ಕಾಣುವ, ಒಳಗೆ ಸ್ಪಂಜು ಇಲ್ಲದ ಬ್ಯಾಟು ಈ ಪಾಠಕ್ಕೆ ಆಗುವುದಿಲ್ಲ. ಅದು ಚೆಂಡನ್ನು ಹಿಡಿಯುವುದಿಲ್ಲ, ಬರೀ ತಳ್ಳುತ್ತದೆ. ಮೇಲ್ಮೈ ನುಣುಪಾಗಿರುವ, ಒಳಗೆ ಒಂದೂವರೆ ಮಿಲಿಮೀಟರ್ ದಪ್ಪದ ಸ್ಪಂಜು ಇರುವ ಹಗುರ ಬ್ಯಾಟು ಒಳ್ಳೆಯದು. ಸ್ಪಂಜು ಇದಕ್ಕಿಂತ ದಪ್ಪವಾದರೆ ಚೆಂಡು ಚಿಮ್ಮುವ ವೇಗಕ್ಕೆ ಮಗು ಹೆದರಿ ಕೈ ತಡೆಯುತ್ತದೆ. ಸ್ಪಂಜಿನ ಬ್ಯಾಟು ಆಟವನ್ನೇ ಬದಲಿಸಿದ್ದು ನಮಗೆ ದೂರವಲ್ಲದ ಮುಂಬಯಿಯಲ್ಲಿ. 1952ರ ವಿಶ್ವ ಚಾಂಪಿಯನ್‌ಶಿಪ್ ಅಲ್ಲಿ ನಡೆದಾಗ ಜಪಾನಿನ ಹಿರೋಜಿ ಸತೊ ದಪ್ಪ ಸ್ಪಂಜಿನ ಬ್ಯಾಟಿನಿಂದ ಪುರುಷರ ಸಿಂಗಲ್ಸ್ ಗೆದ್ದರು. ಅದಕ್ಕೂ ಮೊದಲಿನ ಗಟ್ಟಿ ಬ್ಯಾಟಿನಲ್ಲಿ ಚೆಂಡನ್ನು ನೆಟ್ಟು ದಾಟಿಸಲು ಬ್ಯಾಟನ್ನು ನೆಟ್ಟಗೆ ಹಿಡಿದು ಎತ್ತಬೇಕಿತ್ತು. ನುಣುಪು ರಬ್ಬರು ಚೆಂಡನ್ನು ಹಿಡಿದು ತಿರುಗಿಸುವುದರಿಂದ ಬ್ಯಾಟಿನ ಮುಖವನ್ನು ತುಸು ಮುಂದಕ್ಕೆ ಬಾಗಿಸಬೇಕಾಗುತ್ತದೆ. ಗಟ್ಟಿ ಬ್ಯಾಟಿನಲ್ಲಿ ಆಡಿ ಬೆಳೆದ ಹಿರಿಯರು "ಬ್ಯಾಟ್ ನೆಟ್ಟಗ ಹಿಡಿ" ಎನ್ನುವುದು ಅವರ ಬ್ಯಾಟಿಗೆ ಸರಿ, ಮಗುವಿನ ಕೈಯಲ್ಲಿರುವುದಕ್ಕೆ ಅಲ್ಲ.

ಈಗ ಹೊಡೆತಕ್ಕೆ ಬರೋಣ. ಬಲಗೈ ಆಟಗಾರರ ಲೆಕ್ಕದಲ್ಲಿ ಹೇಳುತ್ತೇನೆ. ಡ್ರೈವ್ ಎಂದರೆ ಸ್ಮ್ಯಾಶ್ ಅಲ್ಲ. ಪುಟಿದ ಚೆಂಡು ತನ್ನ ಎತ್ತರದ ತುದಿಯಲ್ಲಿದ್ದಾಗ ಅದನ್ನು ಮೈಯ ಮುಂದೆ, ಬಲಕ್ಕೆ ತಾಗಿಸಿ, ಮುಂದಕ್ಕೂ ತುಸು ಮೇಲಕ್ಕೂ ಕಳುಹಿಸುವ ನಿಧಾನದ ಹೊಡೆತ ಅದು. ಮುಂದಕ್ಕೆ ಹೋಗುವುದು ಹೆಚ್ಚು, ಮೇಲಕ್ಕೆ ಹೋಗುವುದು ಕಡಿಮೆ. ಆ ಸ್ವಲ್ಪ ಮೇಲಿನ ಚಲನೆಯಿಂದ ಚೆಂಡು ಮುಂದಕ್ಕೆ ಉರುಳುವ ಹಾಗೆ ಸುತ್ತುತ್ತದೆ, ಆ ಸುತ್ತಿನಿಂದಾಗಿ ನೆಟ್ಟು ದಾಟಿದ ಮೇಲೆ ಕೆಳಕ್ಕೆ ಬಾಗಿ ಮೇಜಿನೊಳಗೆ ಬೀಳುತ್ತದೆ. ಈ ಹೊಡೆತದ ಬಲ ತೋಳಿನಿಂದ ಬರುವುದಿಲ್ಲ, ಸೊಂಟ ಹೊರಳುವುದರಿಂದ ಬರುತ್ತದೆ. ಮಕ್ಕಳಿಗೆ ಇದನ್ನು ವಿವರಿಸಿ ಹೇಳಿ ಪ್ರಯೋಜನವಿಲ್ಲ. ಮೂರು ಶಬ್ದ ಕೊಟ್ಟರೆ ಸಾಕು: ಹೊರಳು, ತಾಗಿಸು, ಸಲಾಂ.

ಅದಕ್ಕೂ ಮೊದಲು ನಿಲುವು. ಮೂಡಲಗಿ, ಗೋಕಾಕ, ಹುಕ್ಕೇರಿ, ನಮ್ಮ ಈ ಮೂರೂ ತಾಲ್ಲೂಕಿನ ಮಕ್ಕಳಿಗೆ ಇದನ್ನು ಕಲಿಸುವುದು ಸುಲಭ, ಏಕೆಂದರೆ ಅವರು ಮಣ್ಣಿನಲ್ಲಿ ಕಬಡ್ಡಿ ಆಡಿರುತ್ತಾರೆ. "ರೈಡರ್ ಬರಾಕತ್ತಾನ, ಹೆಂಗ ನಿಲ್ತಿ ನಿಲ್ಲು" ಎಂದರೆ ಸಾಕು, ಕಾಲು ಅಗಲವಾಗುತ್ತವೆ, ಮಂಡಿ ಬಾಗುತ್ತದೆ, ಭಾರ ಮುಂಗಾಲಿಗೆ ಬರುತ್ತದೆ. ಆಮೇಲೆ ಬಲಗಾಲನ್ನು ಅರ್ಧ ಹೆಜ್ಜೆ ಹಿಂದಿಡಿಸಿ, ಮೇಜಿನಿಂದ ಒಂದು ತೋಳಿನಷ್ಟು ದೂರ ನಿಲ್ಲಿಸಿ. ಫರ್ಸಿ ನೆಲದ ಮೇಲೆ ಕಾಲುಚೀಲ ಹಾಕಿ ಆಡಿಸಬೇಡಿ, ಜಾರುತ್ತದೆ. ಬರಿಗಾಲು ಅಥವಾ ರಬ್ಬರ್ ಅಡಿಯ ಬೂಟು ಇರಲಿ.

ಕ್ರಿಕೆಟ್ ಮತ್ತು ಶಟಲ್ ಆಡಿ ಬಂದ ಮಕ್ಕಳು ಬೇರೆ ರೂಢಿಗಳನ್ನು ತರುತ್ತಾರೆ. ಕ್ರಿಕೆಟ್ ಆಡಿದವರು ತೋಳನ್ನು ನೀಟಾಗಿ ಚಾಚಿ ಬೀಸುತ್ತಾರೆ, ಶಟಲ್ ಆಡಿದವರು ಮಣಿಕಟ್ಟಿನಿಂದ ಚಿಮ್ಮಿಸುತ್ತಾರೆ. ಎರಡನ್ನೂ ಬ್ಯಾಟು ಹಿಡಿಸುವಾಗಲೇ ತಡೆಯಬಹುದು. ಕೈಕುಲುಕುವಂತೆ ಹಿಡಿಯಲು ಹೇಳಿ. ತೋರುಬೆರಳು ಒಂದು ಬದಿಯ ರಬ್ಬರಿನ ಕೆಳಗಿನ ಅಂಚಿಗೆ ಒರಗಿರಲಿ, ಹೆಬ್ಬೆರಳು ಇನ್ನೊಂದು ಬದಿಯಲ್ಲಿ ಗಿಡ್ಡಗೆ ಕೂತಿರಲಿ, ಉಳಿದ ಮೂರು ಬೆರಳು ಹಿಡಿಕೆಯನ್ನು ಸುತ್ತಿರಲಿ. ಮುಂಗೈ ಮತ್ತು ಬ್ಯಾಟು ಒಂದೇ ಗೆರೆಯಲ್ಲಿ ಕಾಣಬೇಕು. ಬ್ಯಾಟು ಕೆಳಗೆ ಜೋತುಬಿದ್ದಿದ್ದರೆ ಮಗು ಮಣಿಕಟ್ಟು ಸಡಿಲ ಬಿಟ್ಟಿದೆ ಎಂದು ತಿಳಿಯಿರಿ. ಬೆರಳಿನ ಗೆಣ್ಣು ಬೆಳ್ಳಗಾಗಿದ್ದರೆ ಬಿಗಿ ಹೆಚ್ಚಾಗಿದೆ. ಹಿಡಿತ ಕೂರುವ ತನಕ ಚೆಂಡನ್ನು ಬ್ಯಾಟಿನ ಮೇಲೆ ಗೇಣೆತ್ತರ ಪುಟಿಸುತ್ತ ಪಡಸಾಲೆಯಿಂದ ಅಡುಗೆಮನೆಗೆ ಹೋಗಿ ಬರಲು ಹೇಳಿ. ಎಣಿಸುವ ಕೆಲಸ ಮಗುವಿನದೇ ಆಗಿರಲಿ.

ಮೊದಲ ಶಬ್ದ 'ಹೊರಳು'. ಇದನ್ನು ಬ್ಯಾಟಿಲ್ಲದೆ ಕಲಿಸಬೇಕು. ಕಬಡ್ಡಿ ನಿಲುವಿನಲ್ಲಿ ನಿಲ್ಲಿಸಿ ಎರಡೂ ಕೈಯನ್ನು ಸೊಂಟದ ಮೇಲೆ ಇಡಿಸಿ. ಹೊಕ್ಕುಳು ಬಲಗಡೆ ಗೋಡೆಯನ್ನು ನೋಡಬೇಕು, ಆಮೇಲೆ ನೆಟ್ಟನ್ನು ನೋಡಬೇಕು. ಹೊಕ್ಕುಳು ಬಲಕ್ಕೆ ಹೋದಾಗ ಭಾರ ಬಲಗಾಲಿಗೆ, ನೆಟ್ಟಿನ ಕಡೆ ಬಂದಾಗ ಎಡಗಾಲಿಗೆ. ಭಾರ ನಿಜವಾಗಿ ಬದಲಾಗುತ್ತಿದೆಯೇ ಎಂದು ನೋಡುವುದು ಸುಲಭ: ಭಾರ ಎಡಕ್ಕೆ ಬಂದ ಗಳಿಗೆ ಬಲಗಾಲಿನ ಹಿಮ್ಮಡಿ ತಾನಾಗಿ ನೆಲ ಬಿಡುತ್ತದೆ. ಬಿಡದಿದ್ದರೆ ಮಗು ಬರೀ ಭುಜ ತಿರುಗಿಸುತ್ತಿದೆ. ಹತ್ತು ಸಲ ಹೀಗೆ ಮಾಡಿದ ಮೇಲೆ ಬ್ಯಾಟು ಕೊಡಿ. ಮೊಣಕೈ ಹೆಚ್ಚುಕಡಿಮೆ ಲಂಬ ಕೋನದಲ್ಲಿ ಬಾಗಿರಲಿ, ಪಕ್ಕೆಲುಬಿಗೂ ಮೊಣಕೈಗೂ ನಡುವೆ ಒಂದು ಮುಷ್ಟಿ ಹಿಡಿಯುವಷ್ಟು ಜಾಗ ಇರಲಿ. ಕೆಲವರು ಕಂಕುಳಲ್ಲಿ ಚೆಂಡು ಅಥವಾ ಪುಸ್ತಕ ಸಿಕ್ಕಿಸಿ ಕಲಿಸುತ್ತಾರೆ. ನನಗೆ ಅದು ಒಪ್ಪಿಗೆಯಾಗಿಲ್ಲ. ಮೊಣಕೈ ಏಳುವುದು ನಿಲ್ಲುತ್ತದೆ ನಿಜ, ಆದರೆ ತೋಳು ಮೈಗೆ ಅಂಟಿಕೊಳ್ಳುತ್ತದೆ, ಅದನ್ನು ಬಿಡಿಸಲು ಇನ್ನೊಂದು ತಿಂಗಳು ಹೋಗುತ್ತದೆ.

ಹೊರಳುವಾಗ ಬ್ಯಾಟು ಎಷ್ಟು ಹಿಂದೆ ಹೋಗಬೇಕು? ಬಲ ಸೊಂಟದ ಪಕ್ಕದ ತನಕ, ಅಷ್ಟೇ. ಬೆನ್ನಿನ ಹಿಂದೆ ಹೋದರೆ ಚೆಂಡು ಬರುವಷ್ಟರಲ್ಲಿ ಬ್ಯಾಟು ಮರಳಿ ಬರುವುದಿಲ್ಲ. ಮಗುವನ್ನು ಗೋಡೆಗೆ ಬೆನ್ನು ಮಾಡಿ, ಎರಡು ಗೇಣು ಬಿಟ್ಟು ನಿಲ್ಲಿಸಿ ಬೀಸಲು ಹೇಳಿ. ಬ್ಯಾಟು ಗೋಡೆಗೆ ತಾಗಿದರೆ ಹಿಂದೆ ಹೋದದ್ದು ಹೆಚ್ಚಾಯಿತು ಎಂದು ಗೋಡೆಯೇ ಹೇಳುತ್ತದೆ, ನೀವು ಹೇಳಬೇಕಾಗಿಲ್ಲ.

ಕೊನೆಯ ಶಬ್ದವನ್ನು ಎರಡನೆಯದಕ್ಕಿಂತ ಮೊದಲು ಕಲಿಸುವುದು ಒಳ್ಳೆಯದು. ಹೊಡೆತ ಮುಗಿದಾಗ ಬ್ಯಾಟು ಹಣೆಯ ಮುಂದೆ, ಬಲ ಮತ್ತು ಎಡ ಹುಬ್ಬಿನ ನಡುವೆ ನಿಲ್ಲಬೇಕು, ಸಲಾಂ ಹೊಡೆದ ಹಾಗೆ. ಎಡ ಭುಜ ದಾಟಿ ಹೋದರೆ ಮೈ ಪೂರ್ತಿ ಎಡಕ್ಕೆ ತಿರುಗಿಬಿಡುತ್ತದೆ, ಮುಂದಿನ ಚೆಂಡಿಗೆ ಮಗು ಸಿದ್ಧವಿರುವುದಿಲ್ಲ. ಎದೆಯ ಮಟ್ಟದಲ್ಲೇ ನಿಂತರೆ ಮಗು ಚೆಂಡನ್ನು ತಳ್ಳಿದೆ, ಬೀಸಿಲ್ಲ. ಕಪಾಟಿನ ಕನ್ನಡಿಯ ಮುಂದೆ ನಿಲ್ಲಿಸಿ ಹೊರಳು, ಸಲಾಂ, ಮತ್ತೆ ಮೊದಲಿನ ನಿಲುವು ಎಂದು ಚೆಂಡಿಲ್ಲದೆ ಆಡಿಸಿ. ಮರಳಿ ಮೊದಲಿನ ನಿಲುವಿಗೆ ಬರುವುದೂ ಹೊಡೆತದ ಭಾಗವೇ ಎಂದು ಮಗುವಿಗೆ ಮೊದಲ ದಿನದಿಂದಲೇ ಅನ್ನಿಸಬೇಕು.

'ತಾಗಿಸು' ಎನ್ನುವುದಕ್ಕೆ ಚೆಂಡು ಬೇಕು. ಹೆಚ್ಚಿನ ಮನೆಗಳಲ್ಲಿ ಪಾಠ ಕೆಡುವುದು ಇಲ್ಲೇ, ಕೆಡಿಸುವವರು ಚೆಂಡು ಹಾಕುವವರು. ಮೊದಲ ದಿನವೇ ಎದುರು ನಿಂತು ಆಡಬಾರದು. ನೆಟ್ಟಿನ ಪಕ್ಕ ನಿಂತು, ಕೆಳಗೈಯಿಂದ ಚೆಂಡನ್ನು ಮೆಲ್ಲನೆ ಎಸೆಯಿರಿ. ಅದು ಮಗುವಿನ ಅರ್ಧದ ನಡುಭಾಗದಲ್ಲಿ ಒಮ್ಮೆ ಬಿದ್ದು, ಹೊಕ್ಕುಳಿಗೂ ಎದೆಗೂ ನಡುವೆ ಎದ್ದು ಬರಬೇಕು. ಅದಕ್ಕಿಂತ ಮೇಲೆ ಬಂದರೆ ಎಸೆತ ತಗ್ಗಿಸಿ. ಇಪ್ಪತ್ತು ಚೆಂಡು ಬುಟ್ಟಿಯಲ್ಲಿರಲಿ. ಹತ್ತು ಎಸೆದು ನಿಲ್ಲಿಸಿ, ಒಂದೇ ಒಂದು ಮಾತು ಹೇಳಿ, ಮತ್ತೆ ಹತ್ತು ಎಸೆಯಿರಿ. ಪ್ರತಿ ಚೆಂಡಿಗೂ ಸಲಹೆ ಕೊಟ್ಟರೆ ಮಗು ಚೆಂಡನ್ನು ಬಿಟ್ಟು ನಿಮ್ಮ ಮುಖ ನೋಡತೊಡಗುತ್ತದೆ. ಎರಡು ಎಸೆತಗಳ ನಡುವೆ ಮಗು ಸಲಾಮಿನಿಂದ ಮೊದಲಿನ ನಿಲುವಿಗೆ ಮರಳುವಷ್ಟು ಬಿಡುವು ಇರಲೇಬೇಕು. ಇಪ್ಪತ್ತು, ಇಪ್ಪತ್ತೈದು ನಿಮಿಷಕ್ಕೆ ಪಾಠ ಸಾಕು. ಆಮೇಲೆ ಮಂಡಿ ನೆಟ್ಟಗಾಗುತ್ತದೆ, ನೆಟ್ಟಗಾದ ಮಂಡಿಯಲ್ಲಿ ಕಲಿತದ್ದು ನೆಟ್ಟಗಾದ ಮಂಡಿಯ ಹೊಡೆತವೇ.

ತಾಗುವ ಗಳಿಗೆಯಲ್ಲಿ ಬ್ಯಾಟಿನ ಮುಖ ನೆಟ್ಟಿನ ಮೇಲಿನ ಬಿಳಿ ಪಟ್ಟಿಯನ್ನು ನೋಡಬೇಕು. ಮಗುವಿಗೆ ಕೋನದ ಲೆಕ್ಕ ಬೇಕಿಲ್ಲ, "ಪಟ್ಟಿ ನೋಡ್ಸು" ಅಂದರೆ ಸಾಕು. ಚೆಂಡು ಬಿದ್ದ ಜಾಗ ನೋಡಿ ಏನು ಕೆಟ್ಟಿದೆ ಎಂದು ತಿಳಿಯಬಹುದು. ಮತ್ತೆ ಮತ್ತೆ ಆಚೆ ಹೋದರೆ ಬ್ಯಾಟು ಆಕಾಶ ನೋಡುತ್ತಿದೆ, ಆಗ ಮೊಣಕೈ ನೋಡಿ. ಮತ್ತೆ ಮತ್ತೆ ನೆಟ್ಟಿಗೆ ಬಡಿದರೆ ಎರಡು ಕಾರಣ ಇರಬಹುದು: ಬ್ಯಾಟು ಅತಿಯಾಗಿ ಬಾಗಿದೆ, ಇಲ್ಲವೇ ಚೆಂಡು ತುದಿ ಮುಟ್ಟಿ ಕೆಳಗಿಳಿದ ಮೇಲೆ ತಾಗಿಸಿದೆ. ಇವೆರಡನ್ನು ಬೇರ್ಪಡಿಸಲು ಬದಿಯಿಂದ ನೋಡಿ, ತಾಗುವಾಗ ಚೆಂಡು ಮೈಯ ಮುಂದಿದೆಯೇ ಪಕ್ಕಕ್ಕೆ ಬಂದಿದೆಯೇ ಎಂದು. ಪಕ್ಕಕ್ಕೆ ಬಂದಿದ್ದರೆ ತಡವಾಗಿದೆ. ಎಡಕ್ಕೆ ಕರ್ಣದಲ್ಲಿ ಹೋಗಬೇಕಾದ ಚೆಂಡು ಪದೇ ಪದೇ ನೇರಕ್ಕೆ ಅಥವಾ ಬಲಕ್ಕೆ ಹೋಗುವುದೂ ತಡದ ಗುರುತೇ. ಎಡಬದಿಯ ಅಂಚು ದಾಟಿ ಹೋದರೆ ಅವಸರವಾಗಿದೆ, ಇಲ್ಲವೇ ಮಣಿಕಟ್ಟು ಒಳಕ್ಕೆ ತಿರುಗಿದೆ.

ಅಣ್ಣನ ಮಗಳ ವಿಷಯದಲ್ಲೂ ಹಲಗೆ ತಗ್ಗಿಸಿದ ಕೂಡಲೇ ಎಲ್ಲ ಸರಿಹೋಗಲಿಲ್ಲ. ಮೊಣಕೈ ಇಳಿಯಿತು, ಚೆಂಡು ಹೊರಗೆ ಹೋಗುವುದು ನಿಂತಿತು, ಈಗ ಎಲ್ಲವೂ ನೆಟ್ಟಿಗೆ ಬಡಿಯತೊಡಗಿದವು. ಅಣ್ಣ "ಮೊದಲೇ ಛಲೋ ಇತ್ತು" ಅಂದ. ಆದರೆ ಈ ತಪ್ಪು ಮೊದಲಿನದಕ್ಕಿಂತ ಒಳ್ಳೆಯ ತಪ್ಪು. ಆಕೆಯ ತೋಳು ಸರಿಯಾದ ಜಾಗದಲ್ಲಿತ್ತು, ತಾಗಿಸುವ ಹೊತ್ತು ಮಾತ್ರ ತಡವಾಗಿತ್ತು. ಭುಜದ ಮಟ್ಟದ ಚೆಂಡಿಗೆ ಕಾದು ಕಾದು, ಅದು ಇಳಿದ ಮೇಲೆ ಹೊಡೆಯುವ ರೂಢಿ ಅವಳಿಗೆ ಬಂದಿತ್ತು. ಅದಕ್ಕೆ ಬ್ಯಾಟು ಕೆಳಗಿಡಿಸಿ, ನಾನು ಎಸೆದ ಚೆಂಡು ತುದಿ ಮುಟ್ಟಿದಾಗ "ಈಗ" ಎಂದು ಕೂಗಲು ಹೇಳಿದೆ. ಮೊದಮೊದಲು 'ಈಗ' ತಡವಾಗಿ ಬಂತು, ನಾಲ್ಕಾರು ಬುಟ್ಟಿ ಮುಗಿಯುವಷ್ಟರಲ್ಲಿ ಹೊತ್ತಿಗೆ ಸರಿಯಾಗಿ ಬಂತು. ಆಮೇಲೆ ಎಡ ಅಂಗೈಯಿಂದ ಚೆಂಡು ಹಿಡಿಯುವುದು, ಅದೂ ತುದಿಯಲ್ಲಿದ್ದಾಗಲೇ. ಅದಾದ ಮೇಲೆ ಬ್ಯಾಟು. ಆಗ ಬಂದ ಸದ್ದು ಬೇರೆ ಇತ್ತು, ಒಂದೇ ತೂಕದ ಶುದ್ಧ "ಟಕ್". ಕಿವಿಗೆ ಆ ಸದ್ದು ಒಮ್ಮೆ ಹಿಡಿದರೆ ಮಗು ತನ್ನ ತಪ್ಪನ್ನು ತಾನೇ ಹಿಡಿಯುತ್ತದೆ. ಅಂಚಿಗೆ ತಾಗಿದ್ದು ಒಡಕು ಸದ್ದು ಮಾಡುತ್ತದೆ, ತಡವಾಗಿ ತಾಗಿದ್ದು ಮಂದವಾಗಿ ಕೇಳುತ್ತದೆ.

ಎಸೆದ ಹತ್ತರಲ್ಲಿ ಏಳೆಂಟು ಒಳಗೆ ಬೀಳತೊಡಗಿದ ಮೇಲೆ ಎದುರು ನಿಂತು ಬ್ಯಾಟಿನಿಂದ ಚೆಂಡು ಹಾಕಬಹುದು. ಹಾಕುವುದು ಕರ್ಣದಲ್ಲಿ, ಮಗುವಿನ ಬಲ ಮೂಲೆಯಿಂದ ನಿಮ್ಮ ಬಲ ಮೂಲೆಗೆ. ಇದಕ್ಕೆ ಲೆಕ್ಕದ ಕಾರಣ ಇದೆ. ನೇರಕ್ಕೆ ಮೇಜಿನ ಉದ್ದ 2.74 ಮೀಟರ್, ಮೂಲೆಯಿಂದ ಮೂಲೆಗೆ ಸುಮಾರು 3.14 ಮೀಟರ್. ಚೆಂಡು ಕೆಳಗಿಳಿಯಲು ಕರ್ಣದಲ್ಲಿ 40 ಸೆಂ.ಮೀ. ಹೆಚ್ಚು ಜಾಗ ಸಿಗುತ್ತದೆ, ಮಗುವಿನ ಸಣ್ಣಪುಟ್ಟ ತಪ್ಪುಗಳು ಅದರಲ್ಲಿ ಅಡಗುತ್ತವೆ. ಸೊಂಟ ಹೊರಳುವ ದಿಕ್ಕೂ ಅದೇ. ಎದುರಿನ ಮೂಲೆಯ ಹತ್ತಿರ ಒಂದು ನೋಟ್‌ಬುಕ್ ಇಟ್ಟು ಅದರ ಮೇಲೆ ಬೀಳಿಸಲು ಹೇಳಿ. ವೇಗ ಕೇಳಬೇಡಿ. ಇಬ್ಬರೂ ಸೇರಿ ಎಷ್ಟು ಸಲ ದಾಟಿಸಿದೆವು ಎಂದು ಗಟ್ಟಿಯಾಗಿ ಎಣಿಸಿ. ಎದುರಿನವರು ಪಾಯಿಂಟ್ ಗೆಲ್ಲಲು ಹೊರಟರೆ ಮಗು ಹೊರಳುವುದನ್ನು ಬಿಟ್ಟು ಹೇಗಾದರೂ ಮರಳಿಸಲು ನೋಡುತ್ತದೆ, ಕಲಿತದ್ದು ಒಂದು ಸಂಜೆಯಲ್ಲಿ ಹಾಳಾಗುತ್ತದೆ.

ಹೊಡೆತ ಹೇಗಿರಬೇಕೆಂದು ಮಗುವಿಗೆ ತೋರಿಸಲು ಬೆಂಗಳೂರಿನ ಅರ್ಚನಾ ಕಾಮತ್ ಅವರ ಆಟದ ವಿಡಿಯೊ ಹಾಕಿ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಮಹಿಳಾ ತಂಡ ವಿಭಾಗದಲ್ಲಿ ಭಾರತ ಕ್ವಾರ್ಟರ್‌ಫೈನಲ್‌ನಲ್ಲಿ ಜರ್ಮನಿಗೆ ಸೋತಿತು, ಭಾರತಕ್ಕೆ ಅಂದು ಸಿಕ್ಕ ಒಂದೇ ಪಂದ್ಯ ಅರ್ಚನಾ ಗೆದ್ದದ್ದು. ಆದರೆ ಚೆಂಡನ್ನು ನೋಡಲು ಬಿಡಬೇಡಿ. ವಿಡಿಯೊ ನಿಧಾನಗೊಳಿಸಿ, ಅವರ ಬಲಗಾಲು ಮತ್ತು ಸೊಂಟವನ್ನು ಮಾತ್ರ ನೋಡಲು ಹೇಳಿ. ಅವರು ಹೊಡೆಯುವುದು ಹೆಚ್ಚಾಗಿ ಇದಕ್ಕಿಂತ ಬಹಳ ವೇಗದ, ಬಹಳ ಸುತ್ತಿನ ಹೊಡೆತ. ತೋಳನ್ನು ನಕಲು ಮಾಡಿದರೆ ಎಂಟು ವರ್ಷದ ಭುಜಕ್ಕೆ ನೋವು ಬರುತ್ತದೆ. ಸೊಂಟ ಮತ್ತು ಕಾಲನ್ನು ನಕಲು ಮಾಡಿದರೆ ಏನೂ ಕೆಡುವುದಿಲ್ಲ.

ಕರ್ಣದಲ್ಲಿ ಇಪ್ಪತ್ತು ಸಲ ನಿಲ್ಲದೆ ಹೋಗಿ ಬಂದರೆ ಕಾಲಿನ ಪಾಠ ಶುರು ಮಾಡಬಹುದು. ಒಂದು ಚೆಂಡು ಬಲ ಮೂಲೆಗೆ, ಇನ್ನೊಂದು ಮೇಜಿನ ನಡುವಿಗೆ. ಮಗು ಎರಡನ್ನೂ ಫೋರ್‌ಹ್ಯಾಂಡಿನಲ್ಲೇ ಹೊಡೆಯಬೇಕು, ನಡುವೆ ಕಾಲು ಎಳೆದು ಪಕ್ಕಕ್ಕೆ ಸರಿಯಬೇಕು, ಕಾಲು ಕತ್ತರಿಯಾಗಬಾರದು. ಇಲ್ಲಿ ಮಗು ಮೊದಲು ಬಿಡುವುದು ಹೊರಳುವಿಕೆಯನ್ನು. ನಡುವಿನ ಚೆಂಡಿಗೆ ಕಾಲು ಸರಿಸುವ ಬದಲು ಮೈಯನ್ನೇ ಎಡಕ್ಕೆ ವಾಲಿಸಿ, ತೋಳನ್ನು ಮೈಗೆ ಒತ್ತಿಕೊಂಡು ಹೊಡೆಯುತ್ತದೆ. ಹಾಗೆ ಕಂಡರೆ ಎರಡು ಚೆಂಡುಗಳ ನಡುವಿನ ಹೊತ್ತನ್ನು ಹೆಚ್ಚಿಸಿ, ಜಾಗದ ಅಂತರವನ್ನು ಒಂದು ಗೇಣಿಗೆ ಇಳಿಸಿ. ಆ ಗೇಣಿನೊಳಗೆ ಹೊರಳು, ತಾಗಿಸು, ಸಲಾಂ ಮೂರೂ ಉಳಿದರೆ ಅಂತರವನ್ನು ಸ್ವಲ್ಪ ಸ್ವಲ್ಪವೇ ಹಿಗ್ಗಿಸುತ್ತ ಹೋಗಿ. ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ ಶಾಲಾ ಪಂದ್ಯಗಳಿಗೆ ಹೆಸರು ಕೊಡುವ ಅವಸರವಿದ್ದರೂ ಈ ಹಂತ ಮುಗಿಯುವ ತನಕ ಮಗುವಿಗೆ ಸ್ಮ್ಯಾಶ್ ತೋರಿಸಬೇಡಿ. ತೋರಿಸಿದ ದಿನದಿಂದ ಅದು ಬೇರೆ ಏನನ್ನೂ ಹೊಡೆಯಲು ಒಪ್ಪುವುದಿಲ್ಲ.